“ಸಾಫ್ಟ್ ಕಾಪಿ” ಅಂತ ಮಾತ್ರ ಬರೆಯಬೇಡಿ

ಪ್ರಶ್ನೆ: ನಾನು ಗುಮಾಸ್ತ. ಸರ್ಕಾರಿ ಕಚೇರಿಯಿಂದ ಬಂದ ಸುತ್ತೋಲೆಯಲ್ಲಿ ಉದ್ದದ ಟೇಬಲ್ ಇದೆ, ಆದರೆ ಸ್ಕ್ಯಾನ್ ಮಾಡಿದ್ದು. ಎಡಿಟ್ ಮಾಡಬಹುದಾದ ಫೈಲ್ ಕೊಡಿ ಅಂತ ವಿನಯವಾಗಿ ಪತ್ರ ಬರೆಯುವುದು ಹೇಗೆ? ಅಥವಾ ಸುಮ್ನೆ ನಾನೇ ಟೈಪ್ ಮಾಡಿಕೊಳ್ಳುವುದು ಒಳ್ಳೆಯದಾ?

ವಿನಯದ ಚಿಂತೆ ಬಿಡಿ. ನನ್ನ ಮೊದಲ ಪತ್ರದಲ್ಲಿ ವಿನಯ ಬೇಕಾದಷ್ಟಿತ್ತು. “ದಯಮಾಡಿ” ಎರಡು ಸಲ, “ತಮ್ಮ ಅಮೂಲ್ಯ ಸಮಯ” ಒಂದು ಸಲ. ಕೆಲಸ ಮಾತ್ರ ಆಗಲಿಲ್ಲ.

ನನಗೆ ಬಂದಿದ್ದು ಒಂಬತ್ತು ಪುಟದ ಸುತ್ತೋಲೆ. ಮೊದಲ ಮೂರು ಪುಟ ಮಾತು, ಉಳಿದ ಆರು ಪುಟ ಅನುಬಂಧ-2. ಅದರಲ್ಲಿ 214 ಸಾಲು, ಆರು ಅಂಕಣ: ಕ್ರಮ ಸಂಖ್ಯೆ, ಘಟಕದ ಕೋಡ್, ಹೆಸರು, ಮೊದಲ ಕಂತು, ಎರಡನೇ ಕಂತು, ಒಟ್ಟು. ಸಹಿ ಮಾಡಿ, ಮೊಹರು ಹಾಕಿ, ಆಮೇಲೆ ಸ್ಕ್ಯಾನರ್‌ಗೆ ಕೊಟ್ಟಿದ್ದರು. ಒಂದು ಪುಟ ಸ್ವಲ್ಪ ವಾರೆ. ಇನ್ನೊಂದು ಪುಟದಲ್ಲಿ ನೀಲಿ ಮೊಹರು ನೇರವಾಗಿ ಮೂರು ಸಾಲಿನ ಅಂಕಿಗಳ ಮೇಲೆ ಕೂತಿತ್ತು. ಫೈಲ್ ತೆರೆದು ಒಂದು ಅಂಕಿಯ ಮೇಲೆ ಮೌಸ್ ಎಳೆದರೆ ಇಡೀ ಪುಟವೇ ನೀಲಿಯಾಗುತ್ತಿತ್ತು. Ctrl+F ಒತ್ತಿ ಕಣ್ಣೆದುರಿಗಿರುವ ಪದ ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗಾದರೆ ಅದು ಅಕ್ಷರವಲ್ಲ, ಫೋಟೋ. ನೀವೂ ಪತ್ರ ಬರೆಯುವ ಮುಂಚೆ ಇದನ್ನು ನೋಡಿಕೊಳ್ಳಿ. ಕೆಲವು ಸ್ಕ್ಯಾನರ್‌ಗಳು ಚಿತ್ರದ ಹಿಂದೆ ತಾವೇ ಓದಿಕೊಂಡ ಅಕ್ಷರಗಳನ್ನು ಅಡಗಿಸಿ ಇಡುತ್ತವೆ. ಆಗ ಕಾಪಿ ಆಗುತ್ತದೆ, ಆದರೆ ಕಣ್ಣಿಗೆ 3 ಕಂಡಲ್ಲಿ ಪೇಸ್ಟ್ ಆದಾಗ 8 ಇರಬಹುದು. ಕಾಪಿ ಆಗದಿದ್ದರೆ ಎಚ್ಚರವಾಗಿಯಾದರೂ ಇರುತ್ತೇವೆ, ಇಲ್ಲಿ ಅದೂ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಬರೆದದ್ದು ಹೀಗೆ: “ಸದರಿ ಸುತ್ತೋಲೆಯ ಸಾಫ್ಟ್ ಕಾಪಿಯನ್ನು ದಯಮಾಡಿ ಒದಗಿಸಲು ಕೋರಿದೆ.” ಹತ್ತೊಂಬತ್ತು ದಿನ ಆದ ಮೇಲೆ ಉತ್ತರ ಬಂತು. ಜೊತೆಗೆ ಒಂದು ಫೈಲ್. ಖುಷಿಯಿಂದ ತೆರೆದೆ. ಅದೇ ಪಿಡಿಎಫ್. ಅದೇ ವಾರೆ ಪುಟ, ಅದೇ ನೀಲಿ ಮೊಹರು.

ಕೋಪ ಬಂತು, ಆದರೆ ಕೂತು ಯೋಚಿಸಿದರೆ ತಪ್ಪು ಅವರದಲ್ಲ. ಕಚೇರಿಯಲ್ಲಿ ಕಾಗದದಲ್ಲಿರುವುದು ಹಾರ್ಡ್ ಕಾಪಿ, ಕಂಪ್ಯೂಟರ್‌ನಲ್ಲಿರುವುದೆಲ್ಲ ಸಾಫ್ಟ್ ಕಾಪಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಸಾಫ್ಟ್ ಕಾಪಿಯೇ. ನಾನು ಕೇಳಿದ್ದನ್ನೇ ಅವರು ಕೊಟ್ಟರು. ಇನ್ನೊಂದು ವಿಷಯ, ನಾನು ಕೇಳಿದ್ದು “ಸುತ್ತೋಲೆಯ” ಪ್ರತಿ. ಸುತ್ತೋಲೆ ಅಂದರೆ ಅವರ ಪಾಲಿಗೆ ಸಂಖ್ಯೆ, ದಿನಾಂಕ, ಸಹಿ ಮೂರೂ ಇರುವ ಕಾಗದ. ಅದು ಇರುವುದೇ ಸ್ಕ್ಯಾನ್ ರೂಪದಲ್ಲಿ. ನನಗೆ ಬೇಕಾಗಿದ್ದದ್ದು ಸುತ್ತೋಲೆ ಅಲ್ಲವೇ ಅಲ್ಲ, ಸಹಿಗೆ ಹೋಗುವ ಮುಂಚೆ ವಿಷಯ ನಿರ್ವಾಹಕರ ಕಂಪ್ಯೂಟರ್‌ನಲ್ಲಿ ಹುಟ್ಟಿದ ಆ ಎಕ್ಸೆಲ್ ಫೈಲ್. ಅದರ ಹೆಸರನ್ನೇ ನಾನು ಎತ್ತಿರಲಿಲ್ಲ. “ಎಡಿಟ್ ಮಾಡಬಹುದಾದ ಪ್ರತಿ” ಅಂತ ಬರೆದಿದ್ದರೆ ಇನ್ನೂ ಕೆಡುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಸಹಿ ಇರುವ ಆದೇಶವನ್ನು ಎಡಿಟ್ ಮಾಡುತ್ತೇನೆ ಅಂತ ಯಾರಾದರೂ ಬರೆದರೆ ನಿಮ್ಮ ಅಧೀಕ್ಷಕರು ಕೊಡುತ್ತಾರಾ? ನೀವೂ “ಎಡಿಟ್” ಅನ್ನುವ ಮಾತನ್ನು ಪತ್ರದಿಂದ ತೆಗೆದುಹಾಕಿ.

ಅವರ ಕಡೆ ವಿಷಯ ಮುಕ್ತಾಯ ಆಗಿತ್ತು. ನನ್ನ ಕಡೆ ಗಡುವು ಬಂದು ಕೂತಿತ್ತು. ಎರಡು ಸಂಜೆ ಕೂತು 214 ಸಾಲನ್ನೂ ಟೈಪ್ ಮಾಡಿದೆ. 58ನೇ ಸಾಲಿನಲ್ಲಿ ಮೊದಲ ಕಂತು 3,850 ಇತ್ತು, ನನ್ನ ಬೆರಳು 3,580 ಹೊಡೆಯಿತು. ಎರಡನೇ ಕಂತು 4,150. ಸುತ್ತೋಲೆಯಲ್ಲಿ ಒಟ್ಟು 8,000 ಅಂತ ಅಚ್ಚಾಗಿತ್ತು. ಆದರೆ ನಾನು ಬುದ್ಧಿವಂತ ಅಲ್ವಾ, ಒಟ್ಟು ಅಂಕಣವನ್ನು ಟೈಪ್ ಮಾಡದೆ ಸೂತ್ರ ಹಾಕಿಬಿಟ್ಟಿದ್ದೆ. ಹಾಳೆ ತಾನೇ 7,730 ಅಂತ ಕೂಡಿ ತೋರಿಸಿತು. ನನ್ನ ಹಾಳೆ ನನ್ನ ಹಾಳೆಗೇ ತಾಳೆಯಾಗುತ್ತಿತ್ತು, ಸುತ್ತೋಲೆಗೆ ಅಲ್ಲ. ತಃಖ್ತೆ ಮೇಲಕ್ಕೆ ಹೋಯಿತು, ಆ ಘಟಕಕ್ಕೆ 270 ಕಡಿಮೆ ಬಂತು, ಅವರು ದೂರು ಕೊಟ್ಟರು, ನನಗೆ ವಿವರಣೆ ಕೇಳಿ ಮೆಮೊ ಬಂತು. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಹತ್ತು ಹದಿನೈದು ಸಾಲಿದ್ದರೆ ಟೈಪ್ ಮಾಡಿ, ಮತ್ತೊಬ್ಬರು ಗಟ್ಟಿಯಾಗಿ ಓದಲಿ, ನೀವು ತಾಳೆ ನೋಡಿ. ಅದಕ್ಕಿಂತ ಜಾಸ್ತಿ ಇದ್ದರೆ ಬೇಡ.

ಮೆಮೊಗೆ ಉತ್ತರ ಕೊಟ್ಟ ದಿನವೇ ಎರಡನೇ ಪತ್ರ ಬರೆದೆ. ಪ್ರತಿ ನನ್ನ ಹತ್ತಿರ ಇದೆ, ಸಂಖ್ಯೆ ಮತ್ತು ದಿನಾಂಕ ತೆಗೆದು ಕೊಡುತ್ತಿದ್ದೇನೆ:

“ವಿಷಯ: ಅನುಬಂಧ-2ರ ಪಟ್ಟಿಯ ಮೂಲ ಎಕ್ಸೆಲ್ ಕಡತವನ್ನು ಒದಗಿಸುವ ಬಗ್ಗೆ.

ಉಲ್ಲೇಖ: ತಮ್ಮ ಸುತ್ತೋಲೆ ಸಂಖ್ಯೆ ——, ದಿನಾಂಕ ——.

ಮಾನ್ಯರೇ,

ಉಲ್ಲೇಖಿತ ಸುತ್ತೋಲೆಯ ಅನುಬಂಧ-2 (ಪುಟ 4ರಿಂದ 9, ಕ್ರಮ ಸಂಖ್ಯೆ 1ರಿಂದ 214) ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದು, ಅಂಕಿಗಳನ್ನು ಲೆಕ್ಕಕ್ಕೆ ಬಳಸಲು ಆಗುತ್ತಿಲ್ಲ. ಪಿಡಿಎಫ್ ಪ್ರತಿ ನಮ್ಮಲ್ಲಿ ಈಗಾಗಲೇ ಇದೆ. ಈ ಪಟ್ಟಿಯನ್ನು ಸಿದ್ಧಪಡಿಸಿದ ಮೂಲ ಎಕ್ಸೆಲ್ (.xlsx) ಅಥವಾ ವರ್ಡ್ (.docx) ಕಡತವನ್ನು ಮಾತ್ರ ಇಮೇಲ್ ಮೂಲಕ ಕಳುಹಿಸಲು ಕೋರಿದೆ. ಸಹಿ ಇರುವ ಪುಟಗಳು ಬೇಕಾಗಿಲ್ಲ.

ಈ ಕಡತವನ್ನು ಲೆಕ್ಕ ಹಾಕಲು ಮಾತ್ರ ಬಳಸಲಾಗುವುದು. ವ್ಯತ್ಯಾಸ ಕಂಡುಬಂದರೆ ಸಹಿ ಇರುವ ಸುತ್ತೋಲೆಯನ್ನೇ ಅಧಿಕೃತವೆಂದು ಪರಿಗಣಿಸಲಾಗುವುದು.

ಮೂಲ ಕಡತ ಲಭ್ಯವಿಲ್ಲದಿದ್ದಲ್ಲಿ, ಮೊಹರಿನಿಂದ ಮಸುಕಾಗಿರುವ ಕ್ರಮ ಸಂಖ್ಯೆ 130, 131 ಮತ್ತು 132ರ ಅಂಕಿಗಳನ್ನಾದರೂ ತಿಳಿಸಲು ಕೋರಿದೆ. ಸದರಿ ಪುಟದ ಪ್ರತಿಯನ್ನು ಗುರುತು ಮಾಡಿ ಲಗತ್ತಿಸಿದೆ.”

ಇಷ್ಟೇ. ನಮ್ಮ ಅಧಿಕಾರಿಯ ಸಹಿ ಹಾಕಿಸಿ ಕಳುಹಿಸಿದೆ.

ಇದರಲ್ಲಿ “ಪಿಡಿಎಫ್ ಪ್ರತಿ ಈಗಾಗಲೇ ಇದೆ” ಅನ್ನುವ ಸಾಲು ಅದೇ ಪಿಡಿಎಫ್ ಮತ್ತೆ ಬರದಂತೆ ಬಾಗಿಲು ಹಾಕುತ್ತದೆ. ಸಹಿ ಇರುವ ಪ್ರತಿಯೇ ಅಧಿಕೃತ ಅನ್ನುವ ಸಾಲು ಅವರ ಭಯಕ್ಕೆ ಉತ್ತರ. ಸಹಿ ಇಲ್ಲದ ಫೈಲ್ ಕೈಬದಲಾಗಿ, ಯಾರೋ ಅಂಕಿ ತಿದ್ದಿ, ನಾಳೆ “ನಿಮ್ಮ ಕಚೇರಿಯೇ ಕೊಟ್ಟಿದ್ದು” ಅಂತ ತೋರಿಸಿದರೆ ಹೊಣೆ ಯಾರದು? ಕೊಡಲು ಹಿಂದೆಮುಂದೆ ನೋಡುವುದು ಹೆಚ್ಚಾಗಿ ಇದಕ್ಕೇ, ಸೋಮಾರಿತನಕ್ಕಲ್ಲ. ಮಸುಕಾದ ಸಾಲುಗಳ ಮಾತು ಇರುವುದು ಫೈಲ್ ಇಲ್ಲ ಅಂದರೂ ಉತ್ತರದಲ್ಲಿ ಏನಾದರೂ ಸಿಗಲಿ ಅಂತ.

ಪತ್ರ ಯಾರಿಗೆ ಅನ್ನುವುದೂ ಮುಖ್ಯ. ಮೊದಲ ಸಲ ನಾನು ಕಚೇರಿಯ ಮುಖ್ಯಸ್ಥರ ಹೆಸರಿಗೆ ಹಾಕಿ ಸುಮ್ಮನಾಗಿದ್ದೆ. ಟಪಾಲಿನಲ್ಲಿ ಅದು ಶಾಖೆಯಿಂದ ಶಾಖೆಗೆ ಸುತ್ತಿತು. ಎರಡನೇ ಸಲ ಮುಖ್ಯಸ್ಥರ ವಿಳಾಸದ ಕೆಳಗೆ ಸುತ್ತೋಲೆ ಹೊರಡಿಸಿದ ಶಾಖೆಯ ಹೆಸರನ್ನೂ ಬರೆದೆ. ಅದು ಸಿಕ್ಕಿದ್ದು ಸುತ್ತೋಲೆ ಸಂಖ್ಯೆಯಲ್ಲೇ, ಓರೆಗೆರೆಗಳ ನಡುವಿನ ಅಕ್ಷರಗಳಲ್ಲಿ. ಪತ್ರ ತಲುಪಿದ ಮೇಲೆ ಆ ಶಾಖೆಗೆ ಫೋನ್ ಮಾಡಿದೆ. ವಿಷಯ ನಿರ್ವಾಹಕಿ ನಕ್ಕರು. “ಎಕ್ಸೆಲ್ ಅಂತ ಮೊದಲೇ ಬರೆದಿದ್ರೆ ಅವತ್ತೇ ಕಳಿಸ್ತಿದ್ದೆ ಸಾರ್. ನೀವು ಸಾಫ್ಟ್ ಕಾಪಿ ಅಂದ್ರಿ, ಕೊಟ್ವಿ.” ನಾಲ್ಕನೇ ದಿನ ಫೈಲ್ ಬಂತು.

ಬಂದ ತಕ್ಷಣ ಕೆಲಸ ಮುಗಿಯಲಿಲ್ಲ. ತೆರೆದರೆ ಹೆಸರಿನ ಅಂಕಣದ ತುಂಬ PÀ£ÀßqÀ ಥರದ ಅಕ್ಷರಗಳು. ಫೈಲ್ ಕೆಟ್ಟಿಲ್ಲ, ಗಾಬರಿಯಾಗಬೇಡಿ. ಅದು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಒಳಗಿರುವುದು ರೋಮನ್ ಗುರುತುಗಳು, ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ ಅಷ್ಟೇ. ಆ ಫಾಂಟ್ ಹಾಕಿಕೊಂಡರೆ ಓದಬಹುದು. ಹುಡುಕಲು, ಅಕಾರಾದಿಯಾಗಿ ಜೋಡಿಸಲು ಬೇಕಾದರೆ ಯೂನಿಕೋಡ್‌ಗೆ ಬದಲಾಯಿಸಬೇಕು. ನನ್ನ ಫೈಲಿನಲ್ಲಿ ಅಂಕಿಗಳು ಸರಿಯಾಗೇ ಇದ್ದವು.

ಆಮೇಲೆ ತಾಳೆ. ಮೊದಲ ಸಾಲು ತಲೆಬರಹ, ಹಾಗಾಗಿ ಪಟ್ಟಿ 2ರಿಂದ 215ನೇ ಸಾಲಿನವರೆಗೆ. D ಮೊದಲ ಕಂತು, E ಎರಡನೇ ಕಂತು, F ಒಟ್ಟು. ಪಕ್ಕದ ಖಾಲಿ ಅಂಕಣದಲ್ಲಿ ಇದನ್ನು ಹಾಕಿ ಕೊನೆಯವರೆಗೂ ಎಳೆದೆ:

```
=D2+E2-F2
```

ಎಲ್ಲ ಕಡೆ 0 ಬರಬೇಕು. F ಅಂಕಣದಲ್ಲಿ ಸೂತ್ರ ಇದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ, ನನ್ನ ಹಳೆಯ ಹಾಳೆಯ ಕಥೆಯೇ ಮತ್ತೆ. ಆಗ ಆ ಅಂಕಣಕ್ಕೆ ಸುತ್ತೋಲೆಯಲ್ಲಿ ಅಚ್ಚಾದ ಒಟ್ಟನ್ನೇ ನೋಡಿ ಹಾಕಿ. ವ್ಯತ್ಯಾಸ ಬಂದರೆ ಅದರ ಮುಖ ನೋಡಿದರೇ ಕಾರಣ ಸ್ವಲ್ಪ ಗೊತ್ತಾಗುತ್ತದೆ. ಎರಡು ಅಂಕಿ ಹಿಂದುಮುಂದಾಗಿದ್ದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ನನ್ನ 270 ಹಾಗೇ, 9ರ ಮೂವತ್ತರಷ್ಟು. 3 ಹೋಗಿ 8 ಆಗಿದ್ದರೆ 5, 50, 500 ಹೀಗೆ ಬರುತ್ತದೆ. ಈ ಎರಡು ವಿಷಯ ಮೊದಲೇ ಗೊತ್ತಿದ್ದಿದ್ದರೆ ಮೆಮೊ ಬರುತ್ತಿರಲಿಲ್ಲ. ಹೋಗಲಿ.

ಕೋಡ್ ಅಂಕಣವನ್ನೂ ನೋಡಿ. ಸ್ಕ್ಯಾನ್‌ನಲ್ಲಿ 0047 ಇದ್ದದ್ದು ಫೈಲಿನಲ್ಲಿ 47 ಆಗಿತ್ತು. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ. ಬೇರೆ ಪಟ್ಟಿಯ ಜೊತೆ ಕೋಡ್ ಹೊಂದಿಸಲು ಹೋದಾಗಲೇ ಅದು ಕಾಣುವುದು.

ಕೊನೆಗೆ ಆ ಮೊಹರಿನ ಪುಟ. 130 ಮತ್ತು 132 ಫೈಲಿನಲ್ಲಿ ಸ್ಪಷ್ಟವಾಗಿದ್ದವು, ನೆಮ್ಮದಿಯಾಯಿತು. 131ರಲ್ಲಿ ಫೈಲ್ ಹೇಳಿದ್ದು 6,200. ಸ್ಕ್ಯಾನ್ ಅನ್ನು ದೊಡ್ಡದು ಮಾಡಿ ನೋಡಿದರೆ ನೀಲಿ ಶಾಯಿಯ ಅಡಿಯಲ್ಲಿ 2ರ ಮೇಲೆ ಪೆನ್ನಿನಿಂದ 4 ಮಾಡಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದರು. ಸಹಿಗೆ ಹೋದಾಗ ಅಧಿಕಾರಿ ಕಾಗದದ ಮೇಲೆ ತಿದ್ದಿದ್ದಾರೆ, ಕಂಪ್ಯೂಟರ್‌ನಲ್ಲಿ ಯಾರೂ ತಿದ್ದಿಲ್ಲ. ಮತ್ತೆ ಫೋನ್ ಮಾಡಿದೆ. “ಹೌದು ಸಾರ್, ಅದು ಆರು ಸಾವಿರದ ನಾನೂರೇ” ಅಂದರು. ಅದನ್ನೂ ಒಂದು ಇಮೇಲ್‌ನಲ್ಲಿ ಬರೆಸಿಕೊಂಡು, ಪ್ರಿಂಟ್ ತೆಗೆದು, ಸುತ್ತೋಲೆಯ ಹಿಂದೆಯೇ ಕಡತಕ್ಕೆ ಸೇರಿಸಿದೆ.