ಇಪ್ಪತ್ತೈದು ಮಿಲಿಮೀಟರಿನ ಬುಷ್ ಮತ್ತು ಮೂವರು

ಪ್ರಶ್ನೆ: ನಿರಾಕರಣೆ, ಪ್ರಕ್ಷೇಪಣ, ಉದಾತ್ತೀಕರಣ ಎಂಬ ಮನಸ್ಸಿನ ರಕ್ಷಣಾ ತಂತ್ರಗಳನ್ನು ಓದಿದ್ದೇನೆ, ಆದರೆ ಮೂರೂ ಕಲಸಿಹೋಗುತ್ತವೆ. ಕೆಲಸದ ಜಾಗದ ಉದಾಹರಣೆ ಕೊಟ್ಟು ಹೇಳುವಿರಾ? ಇವೆಲ್ಲ ಸುಮ್ಮನೆ ಸುಳ್ಳು ಹೇಳುವುದೇ ಅಲ್ಲವೇ?

ಆಪ್ತಸಮಾಲೋಚನೆಗೆ ಬರುವ ಮೊದಲು ನಾನು ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದೆ. ನೀವು ಕೇಳಿದ ಮೂರನ್ನೂ ಒಂದೇ ಶಿಫ್ಟಿನ ಸುತ್ತ ಕಂಡಿದ್ದೇನೆ. ಅವುಗಳಲ್ಲಿ ಒಂದು ನನ್ನದೇ.

ಲೇತ್‌ನಲ್ಲಿ ಉಕ್ಕಿನ ಬುಷ್, ಅಂದರೆ ಕೊಳವೆಯಂಥ ಸಣ್ಣ ಬಿಡಿಭಾಗ, ತಯಾರಾಗುತ್ತಿತ್ತು. ಹೊರವ್ಯಾಸ 25 ಮಿ.ಮೀ., 24.98ರಿಂದ 25.02ರವರೆಗೆ ಇದ್ದರೆ ಪಾಸು. ಟೂಲಿನ ಮೂತಿ ಸವೆದಂತೆ ಅದು ಕಡಿಮೆ ಲೋಹ ತೆಗೆಯುತ್ತದೆ, ವ್ಯಾಸ ನಿಧಾನವಾಗಿ ಏರುತ್ತದೆ. ಆದ್ದರಿಂದ ಎರಡು ಗಂಟೆಗೊಮ್ಮೆ ಅಳೆದು ಹಾಳೆಯಲ್ಲಿ ಬರೆಯಬೇಕು. ಅಂದು ಮಧ್ಯಾಹ್ನ ಎರಡಕ್ಕೆ 25.004, ನಾಲ್ಕಕ್ಕೆ 25.009, ಆರಕ್ಕೆ 25.015. ಟೂಲ್ ಬದಲಾಯಿಸೋಣವೇ ಎಂದು ಆಪರೇಟರ್ ಕೇಳಿದ. ಬದಲಾಯಿಸಿದರೆ ಯಂತ್ರ ಅರ್ಧ ಗಂಟೆ ನಿಲ್ಲುತ್ತದೆ, ಆ ದಿನದ ಗುರಿ ತಪ್ಪುತ್ತದೆ.

ಸೂಪರ್‌ವೈಸರ್ ಹಾಳೆ ನೋಡಿ, ಮೈಕ್ರೋಮೀಟರ್ ಕೆಟ್ಟಿದೆ ಎಂದರು. ಅಳತೆ ಮೊದಲೇ ಖಚಿತವಾಗಿ ಗೊತ್ತಿರುವ ಮಾಸ್ಟರ್ ತುಂಡು ಇಟ್ಟು ತೋರಿಸಿದೆ, ಉಪಕರಣ ಸರಿಯಾಗಿತ್ತು. ಹಾಗಾದರೆ ತುಂಡು ಬಿಸಿಯಿದೆ, ತಣ್ಣಗಾದರೆ ಸರಿಹೋಗುತ್ತದೆ ಎಂದರು. ಇದರಲ್ಲಿ ಚೂರು ನಿಜವಿದೆ: ಹತ್ತು ಡಿಗ್ರಿ ಬಿಸಿಯಾದರೆ ಈ ಅಳತೆಯ ಉಕ್ಕು ಸುಮಾರು ಮೂರು ಮೈಕ್ರಾನ್, ಅಂದರೆ 0.003 ಮಿ.ಮೀ., ಹಿಗ್ಗುತ್ತದೆ. ಆದರೆ ಏರಿದ್ದು ಹನ್ನೊಂದು ಮೈಕ್ರಾನ್, ಎರಡು ಗಂಟೆಗೆ ಅಳೆದ ತುಂಡೂ ಅಷ್ಟೇ ಬಿಸಿಯಾಗಿತ್ತು. ಇದನ್ನು ಹೇಳಿದಾಗ, "ನೋಡೋಣ, ಇಳಿಯುತ್ತದೆ" ಎಂದು ಸಹಿ ಹಾಕಿ ಹೋದರು. ಸವೆದ ಟೂಲ್ ಮತ್ತೆ ಬೆಳೆಯುವುದಿಲ್ಲ ಎಂಬುದು ಇಪ್ಪತ್ತು ವರ್ಷ ಲೇತ್ ನೋಡಿದವರಿಗೆ ಗೊತ್ತಿರದ ಸಂಗತಿಯೇ?

ಇದು ನಿರಾಕರಣೆ. ಸುಳ್ಳಿಗೂ ಇದಕ್ಕೂ ಇರುವ ವ್ಯತ್ಯಾಸ ಆ ಸಹಿಯಲ್ಲಿದೆ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ, ಆದ್ದರಿಂದ ತನ್ನ ಕೊರಳಿಗೆ ಬರುವ ಜಾಗದಲ್ಲಿ ಎಚ್ಚರದಿಂದ ಇರುತ್ತಾನೆ, ಆ ಹಾಳೆಯನ್ನೇ ಕಾಣೆ ಮಾಡುತ್ತಿದ್ದ. ಇವರು ತಮ್ಮ ಹೆಸರಿನಲ್ಲೇ, ಯಾವ ಅಳುಕೂ ಇಲ್ಲದೆ, ತಮಗೇ ಕುತ್ತು ತರುವ ನಿರ್ಧಾರ ತೆಗೆದುಕೊಂಡರು. ಇನ್ನೊಂದು ಗುರುತು, ಒಂದು ಕಾರಣ ಬಿದ್ದೊಡನೆ ಇನ್ನೊಂದು ಹುಟ್ಟುವುದು: ಮೊದಲು ಉಪಕರಣ, ಆಮೇಲೆ ಬಿಸಿ, ಕೊನೆಗೆ ಬರೀ ನಂಬಿಕೆ. ಮನೋವಿಕಾರದಲ್ಲಿ ಕಾಣುವ ನಿರಾಕರಣೆ ಕಣ್ಣೆದುರಿನ ಅಂಕಿಯನ್ನೇ ಇಲ್ಲ ಎನ್ನುತ್ತದೆ. ಕೆಲಸದ ಜಾಗದಲ್ಲಿ ಕಾಣುವುದು ಅದರ ಮೆದು ರೂಪ. ಅಂಕಿಯನ್ನು ಒಪ್ಪುತ್ತಾರೆ, ಅದರ ಅರ್ಥವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನು ನನ್ನ ಸರದಿ. ಎಂಟು ಗಂಟೆಗೆ ನಾನು ಬೇರೆ ವರದಿಯಲ್ಲಿ ಮುಳುಗಿದ್ದೆ, ಅಳೆಯಲಿಲ್ಲ. ಎಂಟೂವರೆಗೆ ನೆನಪಾಗಿ ಅಂದಾಜಿನಿಂದ 25.017 ಎಂದು ಬರೆದುಬಿಟ್ಟೆ. ಬ್ಯಾಚ್ ಹೊರಟುಹೋಯಿತು, ಮರುವಾರ ಗ್ರಾಹಕರಿಂದ ವಾಪಸ್ ಬಂತು. ಆ ಹೊತ್ತಿಗೆ ಎಂಟು ಗಂಟೆಯ ವಿಷಯ ನನ್ನ ತಲೆಯಿಂದ ಪೂರ್ತಿ ಜಾರಿತ್ತು. ಅದರ ಬದಲು ಒಂದು ಹೊಸ ಖಚಿತತೆ ಬಂದು ಕೂತಿತ್ತು: ರಾತ್ರಿ ಪಾಳಿಯ ಟ್ರೈನಿ ಹುಡುಗ ಅಳೆಯದೆಯೇ ಅಂಕಿ ತುಂಬುತ್ತಾನೆ. ಅವನು ಬರೆದ ಇಪ್ಪತ್ತು ತುಂಡುಗಳನ್ನು ಒಂದು ಗಂಟೆ ಕೂತು ಮರು ಅಳೆದೆ. ಎಲ್ಲವೂ ಎರಡು ಮೈಕ್ರಾನಿನೊಳಗೆ ಹೊಂದಿದವು. ಆಗ ನನಗೆ ಅನಿಸಿದ್ದೇನು ಗೊತ್ತೇ? "ನಾನು ನೋಡುತ್ತೇನೆಂದು ಇವನ್ನು ಮಾತ್ರ ಅಳೆದಿದ್ದಾನೆ, ಖದೀಮ!"

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಪ್ರಕ್ಷೇಪಣಕ್ಕೆ ಇದಕ್ಕಿಂತ ಒಳ್ಳೆಯ ಗಾದೆ ಇಲ್ಲ. (ಕುಣಿಯಲಾರದವಳು ನೆಲ ಡೊಂಕು ಎಂದದ್ದನ್ನು ಕೆಲವರು ಇದಕ್ಕೆ ಉದಾಹರಣೆ ಕೊಡುತ್ತಾರೆ. ನನ್ನ ಮಟ್ಟಿಗೆ ಅದು ಸಬೂಬು, ಬೇರೆಯೇ ತಂತ್ರ.) ಬೇಕೆಂದೇ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವನಿಗೆ ತಾನು ಕಟ್ಟುತ್ತಿದ್ದೇನೆಂದು ಗೊತ್ತಿರುತ್ತದೆ. ನಾನು ನಿಜಕ್ಕೂ ನಂಬಿದ್ದೆ. ಆರೋಪದ ಆಕಾರ ಮಾತ್ರ ನನ್ನ ತಪ್ಪಿನ ಅಚ್ಚಿನಲ್ಲೇ ಇತ್ತು. ಹುಡುಗ ಸೋಮಾರಿ, ತಡವಾಗಿ ಬರುತ್ತಾನೆ ಎಂದೆಲ್ಲ ಅನಿಸಬಹುದಿತ್ತು, ಅನಿಸಲಿಲ್ಲ. ಅಳೆಯದೆ ತುಂಬುತ್ತಾನೆ ಎಂದೇ ಅನಿಸಿತು. ಅವನ ಪರವಾದ ಪುರಾವೆಯೂ ನನ್ನ ಕಣ್ಣಿಗೆ ಅವನ ವಿರುದ್ಧದ ಪುರಾವೆಯಾಯಿತು.

1997ರಲ್ಲಿ ಮನೋವಿಜ್ಞಾನಿಗಳಾದ ನ್ಯೂಮನ್, ಡಫ್ ಮತ್ತು ಬಾಮೈಸ್ಟರ್ ಇದಕ್ಕೆ ಹತ್ತಿರದ ಪ್ರಯೋಗಗಳನ್ನು ಪ್ರಕಟಿಸಿದರು. ನಿಮ್ಮಲ್ಲಿ ಇಂಥ ಕೆಟ್ಟ ಗುಣವಿದೆ, ಅದರ ಬಗ್ಗೆ ಯೋಚಿಸಬೇಡಿ ಎಂದು ಹೇಳಿಸಿಕೊಂಡವರು, ಅಪರಿಚಿತ ವ್ಯಕ್ತಿಯೊಬ್ಬರ ವೀಡಿಯೊ ನೋಡಿದಾಗ ಅದೇ ಗುಣವನ್ನು ಅವರಲ್ಲಿ ಹೆಚ್ಚಾಗಿ ಕಂಡರು. ಒತ್ತಿ ಹಿಡಿದ ಯೋಚನೆ ಸಾಯುವುದಿಲ್ಲ, ತುದಿಗಾಲಲ್ಲಿ ನಿಂತಿರುತ್ತದೆ, ಎದುರಿಗೆ ಬಂದವರ ಮೇಲೆ ಮೊದಲು ಅದೇ ಕೂರುತ್ತದೆ ಎಂಬುದು ಅವರ ವಿವರಣೆ. ಫ್ರಾಯ್ಡ್ ಹೇಳಿದ್ದಕ್ಕಿಂತ ಇದು ಸರಳ, ನನ್ನ ಅನುಭವಕ್ಕೂ ಹೊಂದುತ್ತದೆ. ಆದರೆ ಒಂದು ಎಚ್ಚರಿಕೆ: ದೂರಿದವರಿಗೆಲ್ಲ "ನೀನು ಪ್ರಕ್ಷೇಪಿಸುತ್ತಿದ್ದೀಯ" ಎನ್ನುವ ಚಟ ಬೆಳೆಸಿಕೊಳ್ಳಬೇಡಿ. ಹುಡುಗ ನಿಜಕ್ಕೂ ಕಳ್ಳ ಅಂಕಿ ಬರೆದಿದ್ದರೆ ನನ್ನ ಅನುಮಾನ ಅನುಮಾನವೇ ಆಗಿರುತ್ತಿತ್ತು.

ಮೂರನೆಯವನು ಆ ಆಪರೇಟರ್. ಟೂಲ್ ಬದಲಾಯಿಸೋಣ ಎಂದವನೇ ಅವನು. ಮಾಲು ವಾಪಸ್ ಬಂದಾಗ ಎಲ್ಲರೆದುರು ಬೈಸಿಕೊಂಡವನೂ ಅವನೇ. ಎರಡು ವಾರ ಶಿಫ್ಟ್ ಮುಗಿದ ಮೇಲೆ ಟೂಲ್‌ರೂಮಿನಲ್ಲಿ ಏನನ್ನೋ ಉಜ್ಜುತ್ತಿದ್ದ. ಕೊನೆಗೆ ತಂದದ್ದು ಕವೆಯಾಕಾರದ ಗೇಜ್, ಬಾಯಿ 25.015. ಬುಷ್ ಅದರೊಳಗೆ ಜಾರಿದರೆ ಕೆಲಸ ನಡೆಯಲಿ, ಸಿಕ್ಕಿಹಾಕಿಕೊಂಡರೆ ಟೂಲ್ ಬದಲಾಯಿಸು. ಮಿತಿ 25.02 ಇದ್ದರೂ ಐದು ಮೈಕ್ರಾನ್ ಮೊದಲೇ ಎಚ್ಚರಿಸುವಂತೆ ಮಾಡಿದ್ದ. ಅದನ್ನು ಸರಪಳಿ ಹಾಕಿ ಯಂತ್ರಕ್ಕೆ ಕಟ್ಟಿ ನನಗೆ ಹೇಳಿದ: "ಇನ್ನು ನಾನು ಯಾರ ಅಪ್ಪಣೆಗೂ ಕಾಯಬೇಕಿಲ್ಲ ಸಾರ್."

ಸಿಟ್ಟು ಆ ಮಾತಿನಲ್ಲಿ ಹಾಗೇ ಇದೆ, ನೋಡಿ. ಉದಾತ್ತೀಕರಣದಲ್ಲಿ ಭಾವನೆ ಮಾಯವಾಗುವುದಿಲ್ಲ, ನಡೆದದ್ದೂ ಮಸುಕಾಗುವುದಿಲ್ಲ. ಆ ಉರಿ ಇತರರಿಗೂ ಬೇಕಾದ ಒಂದು ಕೆಲಸಕ್ಕೆ ಹರಿಯುತ್ತದೆ. ಅವನು ಅದೇ ಸಿಟ್ಟನ್ನು ಕ್ಯಾಂಟೀನ್ ಹುಡುಗನ ಮೇಲೆ ತೀರಿಸಿದ್ದರೆ ಅದು ಸ್ಥಾನಾಂತರ. ಫ್ರಾಯ್ಡ್‌ಗೆ ಉದಾತ್ತೀಕರಣವೆಂದರೆ ಮುಖ್ಯವಾಗಿ ಕಾಮದ ಶಕ್ತಿ ಕಲೆ, ವಿದ್ಯೆಗಳಿಗೆ ತಿರುಗುವುದು. ಈಗ ಸಿಟ್ಟು, ಅವಮಾನಗಳಿಗೂ ಈ ಪದ ಬಳಸುತ್ತಾರೆ. ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾದ ಅಧ್ಯಯನದ ಪುರುಷರನ್ನು ದಶಕಗಳ ಕಾಲ ಹಿಂಬಾಲಿಸಿದ ಮನೋವೈದ್ಯ ಜಾರ್ಜ್ ವೈಲಂಟ್ ಇದನ್ನು ಪ್ರಬುದ್ಧ ತಂತ್ರಗಳ ಸಾಲಿನಲ್ಲಿಟ್ಟರು, ಪ್ರಕ್ಷೇಪಣವನ್ನು ಅಪ್ರಬುದ್ಧ ತಂತ್ರಗಳಲ್ಲಿ. ಆದರೆ 1998ರಲ್ಲಿ ಬಾಮೈಸ್ಟರ್ ಮತ್ತು ಸಂಗಡಿಗರು ಪ್ರಯೋಗಗಳ ಸಾಕ್ಷ್ಯವನ್ನೆಲ್ಲ ಗುಡ್ಡೆ ಹಾಕಿ ನೋಡಿದಾಗ ನಿರಾಕರಣೆಗೆ ಒಳ್ಳೆಯ ಆಧಾರ ಸಿಕ್ಕಿತು, ಉದಾತ್ತೀಕರಣಕ್ಕೆ ಹೆಚ್ಚೇನೂ ಸಿಗಲಿಲ್ಲ. ಆದ್ದರಿಂದ ಆಪರೇಟರ್ ವಿಷಯದಲ್ಲಿ ನನ್ನ ಮಾತನ್ನು ಒಂದು ಓದು ಎಂದಷ್ಟೇ ತೆಗೆದುಕೊಳ್ಳಿ. ಅವನು ಬರೀ ಒಳ್ಳೆಯ ಕೆಲಸಗಾರನೂ ಆಗಿರಬಹುದು. ಅವನ ಗೇಜನ್ನು ಮೆಚ್ಚಿದ ಕಂಪನಿ ಎಲ್ಲರೆದುರು ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಸೂಪರ್‌ವೈಸರಿಗೆ ಪುರಾವೆ ಹೆಚ್ಚಿಸಿದಷ್ಟೂ ಅವರು ಗಟ್ಟಿಯಾಗುತ್ತಿದ್ದರು. ಅವರು ಹೆದರಿದ್ದು ನಿಂತ ಯಂತ್ರಕ್ಕೆ, ತಪ್ಪಿದ ಗುರಿಗೆ. ಆಮೇಲೆ ನಾವು ಕಲಿತದ್ದೆಂದರೆ ಶಿಫ್ಟ್ ಶುರುವಾಗುವ ಮೊದಲು, ಇನ್ನೂ ಏನೂ ಕೆಡದಿರುವಾಗ, ಅವರನ್ನೇ ಕೇಳುವುದು: "ಎಷ್ಟು ಬಂದರೆ ಟೂಲ್ ಬದಲಾಯಿಸೋಣ?" ತಣ್ಣಗಿರುವಾಗ ಅವರೇ 25.012 ಎಂದು ಹಾಳೆಯ ಮೇಲ್ತುದಿಯಲ್ಲಿ ಬರೆದರು. ಸಂಜೆ ಆ ಅಂಕಿ ಬಂದಾಗ ವಾದವೇ ಏಳಲಿಲ್ಲ.

ಹುಡುಗನ ಮೇಲಿನ ನನ್ನ ಖಚಿತತೆ ಇಳಿದದ್ದು ಹಳೆಯ ಹಾಳೆಗಳ ಕಡತ ತಿರುವಿದಾಗ. ಆ ದಿನದ ನಾಲ್ಕು ಅಂಕಿಗಳಲ್ಲಿ ಮೂರು ಕಪ್ಪು ಶಾಯಿಯಲ್ಲಿದ್ದವು. 25.017 ಮಾತ್ರ ನೀಲಿ, ವರದಿ ಬರೆಯಲು ನಾನು ಹಿಡಿದಿದ್ದ ಪೆನ್ನಿನದು.