ಸ್ಯಾಚುರೇಷನ್ 97 ಇದ್ದರೂ ಮೊದಲು ಕುತ್ತಿಗೆ ನೋಡಬೇಕೇಕೆ?

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ನಾರ್ಸೆಟ್ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಮಾದರಿ ಪ್ರಶ್ನೆ ಹೀಗಿತ್ತು. ಥೈರಾಯ್ಡ್ ಗ್ರಂಥಿ ತೆಗೆದು ಐದು ಗಂಟೆಯಾದ ಮಹಿಳೆ 'ಕುತ್ತಿಗೆ ಬಿಗಿಯುತ್ತಿದೆ, ಎಂಜಲು ನುಂಗಲು ಆಗುತ್ತಿಲ್ಲ' ಎನ್ನುತ್ತಾರೆ. ಚಡಪಡಿಸುತ್ತಿದ್ದಾರೆ, ಉಸಿರು ಎಳೆದುಕೊಳ್ಳುವಾಗ ಕೀಚಲು ಸದ್ದು ಬರುತ್ತಿದೆ. ಪಲ್ಸ್ 118, ಬಿಪಿ 100/64, ಸ್ಯಾಚುರೇಷನ್ 97. ಡ್ರೆಸ್ಸಿಂಗ್ ಒಣಗಿದೆ, ಡ್ರೇನ್‌ನಲ್ಲಿ 20 ಮಿ.ಲೀ. ಇದೆ. ನರ್ಸ್ ಮೊದಲು ಏನು ಮಾಡಬೇಕು? ಅ) ಡ್ರಿಪ್ ವೇಗ ಹೆಚ್ಚಿಸಿ ಬಿಪಿ ಮತ್ತೆ ನೋಡುವುದು. ಆ) ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡುವುದು. ಇ) ಎತ್ತಿ ಕೂರಿಸಿ, ತುರ್ತು ಸಹಾಯ ಕರೆದು, ಡ್ರೆಸ್ಸಿಂಗ್ ತೆಗೆದು ಕುತ್ತಿಗೆ ನೋಡುವುದು. ಈ) ನೋವಿನ ಇಂಜೆಕ್ಷನ್ ಕೊಡುವುದು. ನಾನು 'ಅ' ಬರೆದೆ, ಉತ್ತರ 'ಇ' ಎಂದಿದೆ. ಎ ಎಂದರೆ ಉಸಿರಿನ ದಾರಿ, ಬಿ ಎಂದರೆ ಉಸಿರಾಟ, ಸಿ ಎಂದರೆ ರಕ್ತಪರಿಚಲನೆ ಎಂಬ ಎಬಿಸಿ ಕ್ರಮ ನನಗೆ ಗೊತ್ತು. ಆದರೆ ಸ್ಯಾಚುರೇಷನ್ 97 ಇರುವುದರಿಂದ ಎ, ಬಿ ಸರಿ ಇದೆ ಎಂದುಕೊಂಡು ಸಿ-ಗೆ ಹೋದೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ತಪ್ಪಿದ್ದು ಆ 97ರ ಹತ್ತಿರವೇ. ಪಲ್ಸ್ ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಮಾತ್ರ. ಉಸಿರಿನ ದಾರಿ ಎಷ್ಟು ತೆರೆದಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ದಾರಿ ಕಿರಿದಾಗುತ್ತಿದ್ದರೂ ರೋಗಿ ಜೋರಾಗಿ ಎಳೆದು ಎಳೆದು ಉಸಿರಾಡಿ ಆ ಅಂಕಿಯನ್ನು ಹಿಡಿದಿಟ್ಟಿರುತ್ತಾರೆ. ಆಪರೇಷನ್ ನಂತರ ಆಕ್ಸಿಜನ್ ಹಾಕಿದ್ದರಂತೂ ಅಂಕಿ ಇನ್ನೂ ಹೊತ್ತು ಚೆನ್ನಾಗಿಯೇ ಕಾಣುತ್ತದೆ. ಅದು ಇಳಿಯತೊಡಗುವ ಹೊತ್ತಿಗೆ ರೋಗಿ ಸೋತಿರುತ್ತಾರೆ. ಹಾಗಾಗಿ 'ಎ'ಯನ್ನು ತಿಳಿಯಬೇಕಾದದ್ದು ಕಿವಿಯಿಂದ, ಕಣ್ಣಿನಿಂದ: ಮಾತು ಹೇಗಿದೆ, ದನಿ ಬದಲಾಗಿದೆಯೇ, ಎಂಜಲು ನುಂಗುತ್ತಿದ್ದಾರೆಯೇ, ಉಸಿರು ಎಳೆದುಕೊಳ್ಳುವಾಗ ಸದ್ದಿದೆಯೇ. ನಿಮ್ಮ ಪ್ರಶ್ನೆಯಲ್ಲಿ ಆ ಕೀಚಲು ಸದ್ದು ಇದೆ. ಅದೇ ಸ್ಟ್ರೈಡರ್. ಅದು ಕಂಡ ಮೇಲೆ 'ಎ ಸರಿ ಇದೆ' ಎಂದು ಮುಂದೆ ಹೋಗುವ ಹಾಗಿಲ್ಲ.

ಕುತ್ತಿಗೆಯೊಳಗೆ ಆಗುತ್ತಿರುವುದೇನು? ಥೈರಾಯ್ಡ್ ತೆಗೆದ ಜಾಗದಲ್ಲಿ ರಕ್ತ ಒಸರಿ ಗಟ್ಟಿಕಟ್ಟುತ್ತಿದೆ. ಮೇಲೆ ಸ್ನಾಯುಗಳನ್ನೂ ಚರ್ಮವನ್ನೂ ಹೊಲಿದು ಮುಚ್ಚಿರುವುದರಿಂದ ಒಳಗೆ ಹಿಗ್ಗಲು ಜಾಗವಿಲ್ಲ. ಒತ್ತಡ ಏರಿದಾಗ ಮೊದಲು ಅದುಮಿಹೋಗುವುದು ತೆಳು ಗೋಡೆಯ ಸಿರೆಗಳು. ಅಪಧಮನಿಗಳಲ್ಲಿ ರಕ್ತ ಬರುತ್ತಲೇ ಇರುತ್ತದೆ, ವಾಪಸು ಹೋಗುವ ದಾರಿ ಮಾತ್ರ ಕಟ್ಟಿಹೋಗುತ್ತದೆ. ಆಗ ಧ್ವನಿಪೆಟ್ಟಿಗೆಯ ಒಳಪದರ ಊದಿಕೊಂಡು ಉಸಿರಿನ ದಾರಿಯನ್ನು ಒಳಗಿನಿಂದಲೇ ಮುಚ್ಚುತ್ತದೆ. ಊತ ಹೆಚ್ಚಾದಷ್ಟೂ ಟ್ಯೂಬ್ ಹಾಕುವುದು ಕಷ್ಟ. ಇಲ್ಲಿ ಕಾದಷ್ಟೂ ಕೆಲಸ ಕೆಡುವುದು ಅದಕ್ಕೇ. ಇಂಥ ರಕ್ತಸ್ರಾವ ಹೆಚ್ಚಾಗಿ ಕಾಣುವುದು ಮೊದಲ 24 ಗಂಟೆಯೊಳಗೆ, ಅದರಲ್ಲೂ ಮೊದಲ ಆರು ಗಂಟೆಗಳಲ್ಲಿ.

ಈಗ 'ಅ' ಏಕೆ ಅಲ್ಲ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ರಕ್ತಸ್ರಾವ ಎಂದರೆ ಸಿ ಎಂಬ ಅಭ್ಯಾಸ ನಮಗೆಲ್ಲ ಇದೆ. ಆದರೆ ಇಲ್ಲಿ ರೋಗಿಗೆ ಅಪಾಯ ಹೋದ ರಕ್ತದ ಅಳತೆಯಿಂದಲ್ಲ, ಅದು ಕೂತಿರುವ ಜಾಗದಿಂದ. ಶಾಕ್ ತರಿಸಲು ಸಾಲದಷ್ಟು ರಕ್ತವೂ ಕುತ್ತಿಗೆಯಲ್ಲಿ ಉಸಿರು ಕಟ್ಟಿಸಬಲ್ಲದು. ಪಲ್ಸ್ 118 ಆಗಿರುವುದಕ್ಕೆ ಉಸಿರಾಡಲು ಪಡುತ್ತಿರುವ ಪಾಡೇ ಸಾಕು. ಬಿಪಿ 100/64 ಗಮನಿಸಬೇಕಾದದ್ದೇ, ಆದರೆ ಡ್ರಿಪ್ ಜೋರು ಮಾಡಿದರೆ ಕುತ್ತಿಗೆಯ ಒತ್ತಡ ಒಂದಿಷ್ಟೂ ಇಳಿಯುವುದಿಲ್ಲ.

ಒಣ ಡ್ರೆಸ್ಸಿಂಗ್ ಮತ್ತು 20 ಮಿ.ಲೀ. ಡ್ರೇನ್, ಇವೆರಡನ್ನು ಪ್ರಶ್ನೆ ಬರೆದವರು ಬೇಕೆಂದೇ ಇಟ್ಟಿದ್ದಾರೆ. ರಕ್ತ ಒಳಗೇ ನಿಂತಿದ್ದರೆ ಡ್ರೆಸ್ಸಿಂಗ್ ಒಣಗಿಯೇ ಇರುತ್ತದೆ. ಹೊರಗೆ ಒಸರಿದರೂ ಮಲಗಿದವರಲ್ಲಿ ಅದು ಕುತ್ತಿಗೆಯ ಪಕ್ಕದಿಂದ ಹಿಂದಕ್ಕೆ ಇಳಿದು ದಿಂಬಿಗೆ ಹತ್ತುತ್ತದೆ. ಅದಕ್ಕೇ ಕತ್ತಿನ ಹಿಂದೆ ಕೈ ಹಾಕಿ ನೋಡಬೇಕು. ಡ್ರೇನ್ ಕೊಳವೆಯಲ್ಲಿ ಹೆಪ್ಪು ಸಿಕ್ಕಿಕೊಂಡರೆ ಬಾಟಲಿಗೆ ಏನೂ ಬೀಳುವುದಿಲ್ಲ. ಡ್ರೇನ್ ಖಾಲಿ ಇದೆ ಎಂಬುದು ಧೈರ್ಯ ಕೊಡುವ ಸಂಗತಿಯೇ ಅಲ್ಲ.

'ಆ' ಆಯ್ಕೆಗೂ ಬಹಳ ಜನ ಬೀಳುತ್ತಾರೆ, ಥೈರಾಯ್ಡ್ ಎಂದೊಡನೆ ಕ್ಯಾಲ್ಸಿಯಂ ನೆನಪಾಗುತ್ತದೆ. ಕ್ಯಾಲ್ಸಿಯಂ ಇಳಿದರೆ ಧ್ವನಿಪೆಟ್ಟಿಗೆ ಬಿಗಿದುಕೊಂಡು ಸ್ಟ್ರೈಡರ್ ಬರಬಹುದು ಎಂಬುದೂ ನಿಜ. ಆದರೆ ಗಂಟೆ ನೋಡಿ. ಕ್ಯಾಲ್ಸಿಯಂ ಸಾಮಾನ್ಯವಾಗಿ ತೀರಾ ಇಳಿಯುವುದು 24ರಿಂದ 48 ಗಂಟೆಗಳ ಸುಮಾರಿಗೆ, ಅದೂ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟಿಸಿ ಮುನ್ಸೂಚನೆ ಕೊಟ್ಟು. ಐದನೇ ಗಂಟೆಯ ಬಿಗಿತಕ್ಕೆ ಮೊದಲು ರಕ್ತವನ್ನೇ ಶಂಕಿಸಬೇಕು. ಎರಡೂ ಕಡೆಯ ಧ್ವನಿನರಕ್ಕೆ ಪೆಟ್ಟಾಗಿದ್ದರೆ ತೊಂದರೆ ಹೆಚ್ಚಾಗಿ ಟ್ಯೂಬ್ ತೆಗೆದ ಕೂಡಲೇ ಗೊತ್ತಾಗಿರುತ್ತಿತ್ತು. 'ಈ' ಎಲ್ಲಕ್ಕಿಂತ ಅಪಾಯದ್ದು. ಉಸಿರು ಸಿಗದೆ ಚಡಪಡಿಸುವವರಿಗೆ ಮಂಪರು ತರಿಸುವ ಇಂಜೆಕ್ಷನ್ ಕೊಟ್ಟರೆ ಎಳೆದು ಉಸಿರಾಡುವ ಆ ಕೊನೆಯ ಶಕ್ತಿಯೂ ಹೋಗುತ್ತದೆ.

ವಾರ್ಡ್‌ನಲ್ಲಿ 'ಇ' ನಡೆಯುವುದು ಹೀಗೆ. ರೋಗಿಯನ್ನು ಬಿಟ್ಟು ಹೋಗಬೇಡಿ. ಕೂಗಿ ಇನ್ನೊಬ್ಬರನ್ನು ಕರೆದು ಅವರ ಕೈಲಿ ಸರ್ಜನ್‌ಗೂ ಅರಿವಳಿಕೆ ವೈದ್ಯರಿಗೂ ಫೋನ್ ಮಾಡಿಸಿ. ಅಷ್ಟರಲ್ಲಿ ರೋಗಿಯನ್ನು ನೇರವಾಗಿ ಕೂರಿಸಿ, ರಿಸರ್ವಾಯರ್ ಚೀಲವಿರುವ ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಹಾಕಿ. ಡ್ರೆಸ್ಸಿಂಗ್ ಪೂರ್ತಿ ತೆಗೆದು ಊತ, ಬಿಗಿತ ನೋಡಿ. ಸಕ್ಷನ್‌ನಿಂದ ಪ್ರಯೋಜನವಿಲ್ಲ, ಏಕೆಂದರೆ ತಡೆ ಇರುವುದು ಕಫದಿಂದಲ್ಲ. ಹೊಲಿಗೆ ಬಿಚ್ಚುವ ಕತ್ತರಿ ಅಥವಾ ಕ್ಲಿಪ್ ರಿಮೂವರ್, ಆರ್ಟರಿ ಫೋರ್ಸೆಪ್ಸ್, ಗಾಜ್ ಇರುವ ಟ್ರೇ ಹಾಸಿಗೆಯ ಬಳಿಯೇ ಇರಬೇಕು. ಉಸಿರು ಕಟ್ಟುವಂತಿದ್ದರೆ ಓಟಿಗೆ ಸಾಗಿಸಲು ಕಾಯದೆ ಅಲ್ಲೇ ಚರ್ಮದ ಹೊಲಿಗೆ, ಒಳಗಿನ ಸ್ನಾಯುವಿನ ಹೊಲಿಗೆ ಎರಡನ್ನೂ ಬಿಚ್ಚಿ ಹೆಪ್ಪು ತೆಗೆಯಬೇಕು ಎಂದು ಬ್ರಿಟನ್ನಿನ ತಜ್ಞ ಸಂಘಗಳ 2022ರ ಮಾರ್ಗಸೂಚಿ ಹೇಳುತ್ತದೆ. ಚರ್ಮದ ಹೊಲಿಗೆ ಮಾತ್ರ ಬಿಚ್ಚಿದರೆ ಆಳದ ಹೆಪ್ಪು ಅಲ್ಲೇ ಉಳಿಯುತ್ತದೆ. ಇದನ್ನು ಯಾರು ಮಾಡಬೇಕೆಂಬುದು ನಿಮ್ಮ ಆಸ್ಪತ್ರೆಯ ನಿಯಮ ಮತ್ತು ತರಬೇತಿಗೆ ಬಿಟ್ಟದ್ದು. ಟ್ರೇ ಎಲ್ಲಿದೆ ಎಂದು ಹುಡುಕುವ ಸ್ಥಿತಿ ಮಾತ್ರ ಬರಬಾರದು.

ಇದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಉತ್ತರವೂ ತಿರುಗುತ್ತದೆ. 'ಡ್ರೆಸ್ಸಿಂಗ್ ಬಿಗಿಯಾಗಿದೆ ಎನ್ನುತ್ತಾರೆ' ಎಂದಷ್ಟೇ ಇದ್ದು ಉಸಿರು, ದನಿ, ಊತದ ಮಾತೇ ಇಲ್ಲದಿದ್ದರೆ, ಉಸಿರಾಟವನ್ನೂ ಕುತ್ತಿಗೆಯನ್ನೂ ಪರೀಕ್ಷಿಸುವುದೇ ಮೊದಲ ಕೆಲಸ. ಮೊದಲು ಪರೀಕ್ಷೆ, ಆಮೇಲೆ ಕ್ರಮ ಎಂಬ ಪಾಠ ಅಲ್ಲಿ ಸಲ್ಲುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಪರೀಕ್ಷೆಯ ಫಲ ಆಗಲೇ ಕೊಟ್ಟಾಗಿದೆ, ಬಿಪಿ ಮತ್ತೆ ನೋಡುವುದು ಹೊತ್ತು ಕಳೆದಂತೆ.

ಇನ್ನೊಂದು ಮಾತು, ಏಕೆಂದರೆ ಈ ತಪ್ಪು ತಿದ್ದಿಕೊಳ್ಳಲು ಹೋಗಿ ಇನ್ನೊಂದಕ್ಕೆ ಬೀಳುವವರಿದ್ದಾರೆ. ಉಸಿರಿನ ಸುದ್ದಿ ಇರುವ ಆಯ್ಕೆಯೆಲ್ಲ 'ಎ' ಆಗುವುದಿಲ್ಲ. ಹಳೆಯ ಸಿಒಪಿಡಿ ರೋಗಿಗೆ ಸ್ಯಾಚುರೇಷನ್ 89 ಇದ್ದು, ಎಂದಿನಂತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಿದ್ದರೆ ಅದು ಅವರಿಗೆ ಇಟ್ಟುಕೊಳ್ಳುವ 88ರಿಂದ 92ರ ಗುರಿಯೊಳಗೇ ಇದೆ. ಪಕ್ಕದ ಹಾಸಿಗೆಯಲ್ಲಿ ಸ್ಯಾಚುರೇಷನ್ 97 ಇಟ್ಟುಕೊಂಡು ದನಿ ಒಡೆಯುತ್ತಿರುವ ಥೈರಾಯ್ಡ್ ರೋಗಿ ಇದ್ದರೆ ಮೊದಲು ಹೋಗಬೇಕಾದದ್ದು ಅವರ ಬಳಿಗೆ. ಹಾಗೆಯೇ ಹೃದಯ ನಿಂತವರಲ್ಲಿ ಎದೆ ಒತ್ತುವುದೇ ಮೊದಲು, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲೇ ಕ್ರಮವನ್ನು ಸಿಎಬಿ ಎಂದು ಬದಲಿಸಿತು. ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಅದನ್ನು ಒತ್ತಿ ಹಿಡಿಯುವುದೂ ಮೊದಲಿನ ಕೆಲಸವೇ.