ಕಾಫಿ ಸಮ್ಮೇಳನದಲ್ಲಿ ರೋಸ್ಟರ್‌ಗಳ ಪರಿಚಯ: ಸಂಕೋಚದವರಿಗೆ ಒಂದು ಉತ್ತರ

"ನಮ್ಮದು ಕೊಡಗಿನ ಸಿದ್ದಾಪುರ ಹತ್ತಿರ ಸಣ್ಣ ತೋಟ, ರೋಬಸ್ಟಾ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಎರಡು ದಿನದ ಕಾಫಿ ಸಮ್ಮೇಳನ ಇದೆ. ಕಾಫಿ ಹುರಿದು ಮಾರುವ ರೋಸ್ಟರ್‌ಗಳ ಪರಿಚಯ ಮಾಡಿಕೊಳ್ಳಬೇಕು. ಆದರೆ ಗುರುತಿಲ್ಲದವರ ಮುಂದೆ ನನಗೆ ಬಾಯೇ ಬರಲ್ಲ. ಏನು ಮಾಡಲಿ?"

ಈ ಪ್ರಶ್ನೆಗೆ ಇಲ್ಲಿ ಕೆಲವರು ಆಗಲೇ ಉತ್ತರ ಬರೆದಿದ್ದಾರೆ, ನನ್ನದು ಇದು. ಎರಡು ದಿನಕ್ಕೆ ಮೂರು ಜನ ಸಾಕು. ಆ ಮೂವರನ್ನು ಮನೆಯಲ್ಲೇ ಕೂತು ಆರಿಸಿಕೊಳ್ಳಿ. ನಮ್ಮಂಥವರಿಗೆ ಕಷ್ಟ ಆಗುವುದು ಮಾತು ಶುರುವಾಗುವ ಮೊದಲ ಅರ್ಧ ನಿಮಿಷ. ಅದನ್ನು ಮುಂಚೆಯೇ ತಯಾರು ಮಾಡಿಟ್ಟುಕೊಂಡರೆ ಉಳಿದ ಮಾತು ತಾನಾಗಿ ಬರುತ್ತದೆ.

ಭಾಷಣ ಮಾಡುವವರ, ಸ್ಟಾಲ್ ಹಾಕುವವರ ಪಟ್ಟಿ ಸಾಮಾನ್ಯವಾಗಿ ಮುಂಚೆಯೇ ಸಿಗುತ್ತದೆ. ಅದರಲ್ಲಿ ರೋಸ್ಟರ್‌ಗಳನ್ನು ಗುರುತು ಮಾಡಿ, ಅವರ ವೆಬ್‌ಸೈಟ್ ಅಥವಾ ಇನ್‌ಸ್ಟಾಗ್ರಾಂ ನೋಡಿ. ಬರೀ ಅರೇಬಿಕಾ ಮಾರುವವರನ್ನು ಈ ಸಲ ಬಿಡಿ. ರೋಬಸ್ಟಾ ಹೆಸರು ಹಾಕಿ ಮಾರುವವರು, ಇಲ್ಲವೇ ಫಿಲ್ಟರ್ ಪುಡಿಗೆ, ಎಸ್ಪ್ರೆಸೊ ಮಿಶ್ರಣಕ್ಕೆ ರೋಬಸ್ಟಾ ಬಳಸುವವರು ನಿಮ್ಮ ಜನ. ಮೂವರನ್ನು ಆರಿಸಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಬರೆದಿಡಿ. ಬೆಳೆಗಾರ ಮಾತ್ರ ಕೇಳಬಹುದಾದ ಪ್ರಶ್ನೆ ಆಗಿರಬೇಕು. "ನಿಮ್ಮ ಮಿಶ್ರಣಕ್ಕೆ ಹಾಕುವ ರೋಬಸ್ಟಾ ಪಾರ್ಚ್‌ಮೆಂಟಾ, ಚೆರ್ರಿಯಾ?" ಅಂತ ಒಂದು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದಾ, ಹಣ್ಣಿನ ಸಮೇತ ಒಣಗಿಸಿದ್ದಾ ಅಂತ. ಅದಕ್ಕೆ ಉತ್ತರ ಬಂದ ಮೇಲೆ, "ಯಾವ ದೋಷ ಕಂಡರೆ ಬೀಜ ವಾಪಸ್ ಕಳಿಸುತ್ತೀರಿ?" ಅಂತ ಇನ್ನೊಂದು. ಈ ಎರಡನೇ ಪ್ರಶ್ನೆಯೇ ಮುಖ್ಯ. ಕಪ್ಪು ಬೀಜ, ಕಾಯಿಕೊರಕದ ತೂತು, ಸರಿಯಾಗಿ ಒಣಗದೆ ಬಂದ ಮುಗ್ಗಲು ವಾಸನೆ, ಹಣ್ಣಿನ ಜೊತೆ ಸೇರಿದ ಹಸಿ ಕಾಯಿ, ಇದರ ಬಗ್ಗೆ ರೋಸ್ಟರ್‌ಗಳ ಹತ್ತಿರ ಹೇಳಲು ಬೇಕಾದಷ್ಟು ಇರುತ್ತದೆ. ನೀವು ಕೇಳಿಸಿಕೊಂಡರೆ ಸಾಕು. ಕೇಳಿಸಿಕೊಳ್ಳುವುದರಲ್ಲಿ ನಾವು ಗಟ್ಟಿ, ಅಲ್ವಾ?

ಹೋಗುವ ಎರಡು ದಿನ ಮುಂಚೆ ಆ ಮೂವರಿಗೂ ಒಂದು ಸಣ್ಣ ಮೆಸೇಜ್ ಹಾಕಿ. "ಸರ್, ನಾನು ಸಿದ್ದಾಪುರದ ರೋಬಸ್ಟಾ ಬೆಳೆಗಾರ. ಸಮ್ಮೇಳನಕ್ಕೆ ಬರುತ್ತಿದ್ದೇನೆ. ಚೆರ್ರಿ ಒಣಗಿಸುವುದರ ಬಗ್ಗೆ ನಿಮ್ಮನ್ನು ಐದು ನಿಮಿಷ ಕೇಳಬೇಕಿತ್ತು. ಸ್ಟಾಲ್ ಹತ್ತಿರ ಬರಲಾ?" ಇಷ್ಟೇ. ಉತ್ತರ ಬರದಿದ್ದರೂ ಪರವಾಗಿಲ್ಲ. ಅಲ್ಲಿ ಹೋಗಿ "ನಾನೇ ಮೆಸೇಜ್ ಹಾಕಿದ್ದು" ಅಂತ ಶುರು ಮಾಡಬಹುದು.

ಸುಂಟಿಕೊಪ್ಪದ ಅಕ್ಕ ತಮ್ಮ ಉತ್ತರದಲ್ಲಿ ಹೇಳಿದ್ದು ಚಿನ್ನದಂಥ ಮಾತು: ಬೆಳಿಗ್ಗೆ ನೋಂದಣಿ ಶುರುವಾಗುವ ಹೊತ್ತಿಗೇ ಹೋಗಿ. ಆಗ ಜನ ಕಡಿಮೆ, ಗದ್ದಲ ಇಲ್ಲ. ಅದಕ್ಕೆ ನನ್ನದೊಂದು ಸೇರಿಸುತ್ತೇನೆ. ಟೀ ವಿರಾಮದಲ್ಲಿ ಸ್ಟಾಲ್‌ಗೆ ಹೋಗಬೇಡಿ. ಎಲ್ಲರೂ ಒಳಗೆ ಭಾಷಣ ಕೇಳುತ್ತಿರುವಾಗ ಹೋಗಿ. ಸ್ಟಾಲ್‌ನವರು ಆಗ ಸುಮ್ನೆ ಕೂತಿರುತ್ತಾರೆ, ಯಾರಾದರೂ ಬಂದರೆ ಸಾಕು ಅಂತ ಕಾಯುತ್ತಿರುತ್ತಾರೆ. ಟೀ ಹೊತ್ತಿನಲ್ಲಿ ನೀವು ಹೊರಗೆ ಬಂದು ಕಾಲು ಗಂಟೆ ಒಬ್ಬರೇ ನಡೆದಾಡಿ. ಮಧ್ಯಾಹ್ನದವರೆಗೆ ಸುಸ್ತಾಗದೆ ಇರಲು ಇದು ಬೇಕು.

ಪೊನ್ನಂಪೇಟೆ ಕಡೆಯ ಅಣ್ಣ ಸಿಕ್ಕವರಿಗೆಲ್ಲ ವಿಸಿಟಿಂಗ್ ಕಾರ್ಡ್ ಕೊಡಿ ಅಂದಿದ್ದಾರೆ. ಕಾರ್ಡ್ ಇರಬೇಕು, ಅದು ಸರಿ. ಆದರೆ ಮಾತಾಡದೆ ಕೊಟ್ಟ ಕಾರ್ಡ್ ಯಾರದ್ದು ಅಂತ ಸಂಜೆ ಹೊತ್ತಿಗೆ ಯಾರಿಗೂ ನೆನಪಿರಲ್ಲ. ಮಾತು ಮುಗಿಸುವಾಗ ಕೊಡಿ. ಮುಗಿಸುವ ಮಾತನ್ನೂ ತಯಾರಿಟ್ಟುಕೊಳ್ಳಿ, ಇಲ್ಲದಿದ್ದರೆ ಹೇಗೆ ಬಿಟ್ಟು ಬರುವುದು ಅಂತಲೇ ಒದ್ದಾಡುತ್ತೇವೆ. "ನಿಮ್ಮ ಸಮಯ ಜಾಸ್ತಿ ತೆಗೆದುಕೊಳ್ಳಲ್ಲ. ಕೊಯ್ಲು ಮುಗಿದ ಮೇಲೆ ಸ್ಯಾಂಪಲ್ ಕಳಿಸಲಾ?" ಅನ್ನಿ. ನಾಲ್ಕು ಹೆಜ್ಜೆ ಈಚೆ ಬಂದು, ಅವರು ಹೇಳಿದ್ದನ್ನು ಫೋನಿನಲ್ಲಿ ಎರಡು ಸಾಲು ಬರೆದುಕೊಳ್ಳಿ.

ಮಾತಿನ ಮಧ್ಯೆ "ಎಷ್ಟು ಕೊಡಬಹುದು?" ಅಂತ ಖಂಡಿತ ಕೇಳುತ್ತಾರೆ. ನಾವು 50 ಕೆಜಿ ಚೆರ್ರಿ ಚೀಲದ ಲೆಕ್ಕ ಹೇಳುತ್ತೇವೆ. ಅವರ ತಲೆಯಲ್ಲಿ ಇರುವುದು ಕ್ಯೂರಿಂಗ್ ಆಗಿ ಬಂದ ಹಸಿರು ಬೀಜದ ಕೆಜಿ. ಒಂದು ಚೀಲದಿಂದ ಸಿಗುವ ಹಸಿರು ಬೀಜ, ಅಂದರೆ ಔಟ್‌ಟರ್ನ್, 26 ಕೆಜಿ ಅಂತ ಇಟ್ಟರೆ 20 ಚೀಲಕ್ಕೆ 520 ಕೆಜಿ. ಈ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋಗಿ, ಇಲ್ಲದಿದ್ದರೆ ನಿಜವಾಗಿ ಇರುವುದರ ಹೆಚ್ಚುಕಡಿಮೆ ಎರಡರಷ್ಟು ಸಿಗುತ್ತದೆ ಅಂತ ಅವರು ತಿಳಿದುಕೊಳ್ಳುತ್ತಾರೆ.

ರಾತ್ರಿ ರೂಮಿಗೆ ಬಂದಾಗ "ಏನೋ ಪೆದ್ದುಪೆದ್ದಾಗಿ ಮಾತಾಡಿದೆ" ಅನ್ನಿಸುತ್ತದೆ. ಅದನ್ನು ನಂಬಬೇಡಿ. ಹೊಸಬರ ಜೊತೆ ಮಾತಾಡಿದ ಮೇಲೆ, ಎದುರಿನವರಿಗೆ ನಾವು ಎಷ್ಟು ಹಿಡಿಸಿದೆವು ಅನ್ನುವುದನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ ಅಂತ 2018ರಲ್ಲಿ ಅಮೆರಿಕ, ಬ್ರಿಟನ್ ಮನಶ್ಶಾಸ್ತ್ರಜ್ಞರ ಅಧ್ಯಯನವೊಂದು ತೋರಿಸಿತು. ನಾಚಿಕೆ ಸ್ವಭಾವದವರಲ್ಲಿ ಈ ಅಂತರ ಇನ್ನೂ ದೊಡ್ಡದಿತ್ತು. ಹಾಗಾಗಿ ಅದೇ ರಾತ್ರಿ ಮೆಸೇಜ್ ಹಾಕಿ. "ಸಿಕ್ಕಿ ಖುಷಿಯಾಯಿತು" ಅಂತ ಮಾತ್ರ ಹಾಕಿದರೆ ಉಪಯೋಗ ಇಲ್ಲ. ಅವರು ಹೇಳಿದ ಒಂದು ವಿಷಯ ಎತ್ತಿ ಬರೆಯಿರಿ: "ಹಸಿ ಕಾಯಿ ಬೆರೆತರೆ ಕಪ್‌ನಲ್ಲಿ ಗೊತ್ತಾಗುತ್ತದೆ ಅಂದಿರಿ. ಈ ಸಲ ಒಂದು ಭಾಗ ಬರೀ ಹಣ್ಣು ಕೊಯ್ಯಿಸಿ ಬೇರೆ ಒಣಗಿಸುತ್ತೇನೆ."

ಇಲ್ಲಿಂದ ಮುಂದಿನದು ಆನ್‌ಲೈನ್ ಕೆಲಸ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಮೆಸೇಜ್ ಯಾವಾಗ ಹಾಕಲಿ ಅಂತ ತಲೆ ಕೆಡಿಸಿಕೊಳ್ಳದೆ ತೋಟದ ಕೆಲಸಕ್ಕೆ ಅದನ್ನು ಕಟ್ಟಿಬಿಡಿ. ಕೊಯ್ಲು ಶುರುವಾದಾಗ ಕಣದ ಒಂದು ಫೋಟೊ. ಒಣಗಿ ಮುಗಿದಾಗ ಸ್ಯಾಂಪಲ್. ಹೂಮಳೆ ಬಿದ್ದಾಗ ಹೂವಿನ ಒಂದು ಫೋಟೊ, ಎಷ್ಟು ಇಂಚು ಬಿತ್ತು ಅಂತ ಒಂದು ಸಾಲು. ವರ್ಷಕ್ಕೆ ಮೂರು ಸಲ, ಮೂವರಿಗೆ. "ಗುಡ್ ಮಾರ್ನಿಂಗ್" ಬೇಡ. ಸ್ಯಾಂಪಲ್‌ಗೆ 300ರಿಂದ 500 ಗ್ರಾಂ ಹಸಿರು ಬೀಜ ಸಾಕಾಗುತ್ತದೆ. ಚೀಟಿಯಲ್ಲಿ ತಳಿ, ತೋಟದ ಎತ್ತರ, ಕೊಯ್ದ ತಿಂಗಳು, ಹೇಗೆ ಒಣಗಿಸಿದ್ದು, ತೇವಾಂಶ, ಒಟ್ಟು ಎಷ್ಟು ಕೆಜಿ ಇದೆ, ಇಷ್ಟು ಇರಲಿ. ಮುಖ್ಯವಾಗಿ, ಕೊಡುವ ಮಾಲಿನಿಂದಲೇ ಸ್ಯಾಂಪಲ್ ತೆಗೆಯಿರಿ. ಆರಿಸಿದ ಒಳ್ಳೆ ಬೀಜ ಕಳಿಸಿ ಆಮೇಲೆ ಬೇರೆ ಮಾಲು ಹೋದರೆ ಆ ಪರಿಚಯ ಅಲ್ಲಿಗೆ ಮುಗಿಯಿತು.

ಇದು ನಡೆಯುತ್ತಿದೆಯಾ ಇಲ್ಲವಾ ಅಂತ ತಿಳಿಯುವುದು ಸುಲಭ. ಅವರು ತಿರುಗಿ ಏನಾದರೂ ಕೇಳಿದರೆ, ಎಷ್ಟು ದಿನ ಒಣಗಿಸಿದಿರಿ, ನೆರಳು ಯಾವ ಮರದ್ದು ಅಂತ, ಆಗ ಅವರಿಗೆ ಆಸಕ್ತಿ ಇದೆ. ಬರೀ ಹೆಬ್ಬೆರಳಿನ ಗುರುತು ಬಂದರೆ ಕಾಯಿರಿ. ಸ್ಯಾಂಪಲ್ ಆದ ಮೇಲೂ ಅಷ್ಟೇ ಆದರೆ ಆ ಹೆಸರು ಬಿಟ್ಟು ಇನ್ನೊಬ್ಬರನ್ನು ಸೇರಿಸಿ. ಸಣ್ಣ ತೋಟದ ಮಾಲು ಕೆಲವರಿಗೆ ಸಾಲದು, ಅದಕ್ಕೂ ನಿಮ್ಮ ಮಾತಿಗೂ ಸಂಬಂಧ ಇಲ್ಲ.

ನಾಪೋಕ್ಲುವಿನವರು ಇಂಗ್ಲಿಷ್ ಬರದೆ ತಾವು ಹಿಂದೆ ಸರಿದದ್ದನ್ನು ಬರೆದಿದ್ದಾರೆ. ಸರ್, ಬೆಂಗಳೂರಿನ ರೋಸ್ಟರ್‌ಗಳಲ್ಲಿ ಕನ್ನಡದವರು ಇದ್ದಾರೆ. ಮೂವರಲ್ಲಿ ಮೊದಲನೆಯವರು ಅಂಥವರೇ ಇರಲಿ. ಬೆಲೆ ಮಾತು ಮೊದಲ ಭೇಟಿಯಲ್ಲೇ ಎತ್ತಬೇಕಾ ಅನ್ನುವುದರಲ್ಲಿ ಸುಂಟಿಕೊಪ್ಪದ ಅಕ್ಕನಿಗೂ ನನಗೂ ಒಮ್ಮತ ಇಲ್ಲ. ಅವರು ಎತ್ತಿ ಅನ್ನುತ್ತಾರೆ, ಸಮಯ ಉಳಿಯುತ್ತದೆ ಅಂತ. ನಾನು ಸ್ಯಾಂಪಲ್ ರುಚಿ ನೋಡುವವರೆಗೆ ಎತ್ತುವುದಿಲ್ಲ. ನಿಮಗೆ ಯಾವುದು ಹಗುರ ಅನ್ನಿಸುತ್ತದೋ ನೋಡಿ.

ಸ್ಟಾಲ್‌ಗಳ ಪಟ್ಟಿ ಬಂದ ಮೇಲೆ ಇಲ್ಲಿ ಹಾಕಿ. ಅದರಲ್ಲಿ ರೋಬಸ್ಟಾ ಕೊಳ್ಳುವವರು ಯಾರು ಅಂತ ನನಗೆ ಗೊತ್ತಿರುವಷ್ಟು ಗುರುತು ಮಾಡಿ ಕೊಡುತ್ತೇನೆ.